ಸರಿ ಟೀಚರ್ ಮತ್ತು ಮುಗಿಯದ ಅಂಚು

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಉಳಿದ ಕಡೆಯೆಲ್ಲ ಅವರು ‘ಸರಿ ಟೀಚರ್’. ಬೋರ್ಡಿನ ಮೇಲೆ ಒಂದು ಸಾಲು ಲೆಕ್ಕ ಬರೆಯುವರು, ತಿರುಗಿ ಕನ್ನಡಕದ ಮೇಲಿಂದ ಮಕ್ಕಳನ್ನು ನೋಡುವರು, “ಸರಿ?” ಅನ್ನುವರು. ಮಕ್ಕಳು ಒಕ್ಕೊರಲಿನಿಂದ “ಸರಿ” ಅನ್ನಬೇಕು. ಆಮೇಲೆ ಮುಂದಿನ ಸಾಲು. ಪಕ್ಕದ ಕೋಣೆಯಲ್ಲಿ ಭಾಷೆಯ ಪಾಠ ಮಾಡುತ್ತಿದ್ದ ನನಗೆ ದಿನಕ್ಕೆ ನಲವತ್ತು ಸಲವಾದರೂ ಗೋಡೆಯ ಆಚೆಯಿಂದ ಆ ‘ಸರಿ’ ಕೇಳಿಸುತ್ತಿತ್ತು. ಪದ್ಯದ ನಡುವೆ ಅದು ತಾಳ ಹಾಕಿದ ಹಾಗೆ ಬಂದು, ನನ್ನ ಮಕ್ಕಳೂ ಕೆಲವೊಮ್ಮೆ ತಪ್ಪಿ “ಸರಿ” ಅಂದುಬಿಡುತ್ತಿದ್ದರು.

ಆ ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ನಾವು ಕಂಡಂತೆ ಅವರು ಯಾವತ್ತೂ ತಪ್ಪು ಮಾಡಿದವರಲ್ಲ. ಬೋರ್ಡು ಒರೆಸುವ ಡಸ್ಟರ್ ಅವರಿಗೆ ತಪ್ಪು ತಿದ್ದಲು ಬೇಕಾಗುತ್ತಲೇ ಇರಲಿಲ್ಲ. ಇದರ ಹಿಂದಿನ ಕಥೆಯನ್ನು ಅವರೇ ಒಮ್ಮೆ ನನಗೆ ಹೇಳಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಆಡಳಿತ ಮಂಡಳಿಯ ಹಿರಿಯರೊಬ್ಬರು ತರಗತಿ ನೋಡಲು ಬಂದರಂತೆ. ಹೆದರಿಕೆಯಲ್ಲಿ ಇವರು ಏಳೆಂಟಲ ಐವತ್ತನಾಲ್ಕು ಎಂದು ಬರೆದರು. ಮಕ್ಕಳು ನಕ್ಕರು. ಹಿರಿಯರೂ ನಕ್ಕು, “ಮಗ್ಗಿ ಕಲಿತುಕೊಂಡು ಬನ್ನಿ ತಾಯಿ” ಅಂದರು. ಅವತ್ತಿನಿಂದ ಬೆಳಿಗ್ಗೆ ಐದಕ್ಕೆ ಎದ್ದು ಆ ದಿನದ ಪ್ರತಿಯೊಂದು ಲೆಕ್ಕವನ್ನೂ ಎರಡೆರಡು ಸಲ ಬಿಡಿಸಿ ನೋಡದೆ ಅವರು ಶಾಲೆಯ ಮೆಟ್ಟಿಲು ಹತ್ತಿದ್ದಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಅವರು ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲೇ ಇದ್ದರು. ಆ ಮನೆಯ ಮುಂದಿನ ಕೋಣೆ ಅತ್ತಿಗೆಯ ಹೊಲಿಗೆಯಂಗಡಿ: ಕಿಟಕಿಯ ಹತ್ತಿರ ಎರಡು ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಗೋಡೆಗೆ ಲೇಸಿನ ಸುರುಳಿಗಳು. ಪರದೆ, ದಿಂಬಿನ ಚೀಲ, ಮೇಜಿನ ಹೊದಿಕೆ ಇವೇ ಅವರ ಕೆಲಸ. ಏಳನೆಯ ತರಗತಿಗೇ ಶಾಲೆ ಬಿಟ್ಟವರಾದರೂ ಟೇಪು ಹಿಡಿದರೆ ಅರ್ಧ ಸೆಂಟಿಮೀಟರೂ ಆಚೀಚೆ ಆಗುತ್ತಿರಲಿಲ್ಲ. ನಾದಿನಿಗೂ ಅತ್ತಿಗೆಗೂ ಬಹಳ ಪ್ರೀತಿ. ಆದರೆ ಅದು ಜಗಳದ ರೂಪದಲ್ಲೇ ಹೊರಗೆ ಬರುತ್ತಿತ್ತು. ನಾನು ಅದೇ ಬೀದಿಯವನಾದ್ದರಿಂದ ಅದರಲ್ಲಿ ಅರ್ಧದಷ್ಟನ್ನು ಕಿವಿಯಾರೆ ಕೇಳಿದ್ದೇನೆ.

ಆ ವರ್ಷ ಶಾಲೆಗಳ ನಡುವಿನ ಗಣಿತ ಪ್ರದರ್ಶನ ಬಂತು. ನಮ್ಮ ಹೆಡ್‌ಮಾಸ್ಟರಿಗೆ ಅದೊಂದು ಹಠ. ಮೂರು ವರ್ಷದಿಂದ ನಮ್ಮ ಶಾಲೆ ರಟ್ಟಿನ ಗೋಪುರ ಮಾಡಿಕೊಂಡು ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿತ್ತು. ಈ ಸಲ ಯಾರೂ ನೋಡಿರದಂಥದ್ದು ಬೇಕು ಎಂದು ಅವರು ಸರಿ ಟೀಚರಿಗೆ ಗಂಟುಬಿದ್ದರು. ಟೀಚರ್ ಹಿಂದೆ ಯಾವುದೋ ತರಬೇತಿ ಶಿಬಿರದಲ್ಲಿ ಸಿಕ್ಕಿದ್ದ ತೆಳ್ಳನೆಯ ಪುಸ್ತಿಕೆಯೊಂದನ್ನು ಹುಡುಕಿ ತೆಗೆದರು. ಅದರಲ್ಲಿ ಒಂದು ವಿಚಿತ್ರ ಆಕೃತಿಯಿತ್ತು. ಅದನ್ನು ಮೊದಲು ಒಂಬತ್ತನೆಯ ತರಗತಿಗೆ ಪಾಠ ಮಾಡಿ, ಆಮೇಲೆ ಪ್ರದರ್ಶನಕ್ಕೆ ಒಯ್ಯುವುದು ಅಂತಾಯಿತು. ನನಗೆ ಆ ಹೊತ್ತು ಪಾಠವಿರಲಿಲ್ಲ. ಕುತೂಹಲಕ್ಕೆ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ.

ಟೀಚರ್ ಮೂರು ಬದಿಯೂ ಸಮನಾದ ಒಂದು ತ್ರಿಭುಜ ಬರೆದರು. ಪ್ರತಿ ಬದಿಯನ್ನು ಮೂರು ಸಮಭಾಗ ಮಾಡಿದರು. ನಡುವಿನ ಭಾಗದ ಮೇಲೆ ಹೊರಮುಖವಾಗಿ ಒಂದು ಪುಟ್ಟ ಸಮಬಾಹು ತ್ರಿಭುಜ ಕೂರಿಸಿ, ಅದರ ತಳದ ಗೆರೆಯನ್ನು ಒರೆಸಿದರು. ತ್ರಿಭುಜ ಹೋಗಿ ಆರು ಮೊನೆಯ ನಕ್ಷತ್ರವಾಯಿತು. ಈಗ ಅದಕ್ಕೆ ಹನ್ನೆರಡು ಬದಿ. ಆ ಹನ್ನೆರಡಕ್ಕೂ ಮತ್ತೆ ಅದೇ ಕೆಲಸ: ಮೂರು ಭಾಗ ಮಾಡು, ನಡುವೆ ಮೊನೆ ಎಬ್ಬಿಸು, ತಳ ಒರೆಸು. ನಲವತ್ತೆಂಟು ಬದಿಯಾಯಿತು. ನೋಡನೋಡುತ್ತಾ ಅಂಚು ಹಿಮದ ಹರಳಿನ ಹಾಗೆ ನವುರಾಗುತ್ತಾ ಹೋಯಿತು.

“ಪ್ರತಿ ಸಲ ಏನಾಗ್ತಿದೆ ನೋಡಿ. ಮೂರು ತುಂಡಿದ್ದ ಜಾಗದಲ್ಲಿ ಅಷ್ಟೇ ಉದ್ದದ ನಾಲ್ಕು ತುಂಡು ಬಂತು. ಅಂದ್ರೆ ಸುತ್ತಳತೆ ಪ್ರತಿ ಸಲ ಮೂರಕ್ಕೆ ನಾಲ್ಕರ ಹಾಗೆ ಬೆಳೆಯುತ್ತೆ. ನೀವು ಎಷ್ಟೇ ಉದ್ದ ಹೇಳಿ, ಅದನ್ನೂ ಒಂದು ದಿನ ದಾಟುತ್ತೆ. ಇದಕ್ಕೆ ಕೊನೆ ಇಲ್ಲ. ಸರಿ?”

“ಸರಿ” ಅಂತ ಇಡೀ ತರಗತಿ.

ಆಗ ಎದ್ದು ನಿಂತವಳು ‘ಯಾಕೆ’. ಅದು ಆ ಹುಡುಗಿಗೆ ನಾವು ಶಿಕ್ಷಕರು ಇಟ್ಟ ಅಡ್ಡಹೆಸರು. ಏನು ಹೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದ ಪದವೇ ಅದು. ಆಕೃತಿಯ ಒಳಗಿನ ಜಾಗ, ಅಂದರೆ ವಿಸ್ತೀರ್ಣ, ಎಷ್ಟಾಗುತ್ತದೆ ಎಂದು ಅವಳು ಕೇಳಿದಳು. ಪುಸ್ತಿಕೆಯಲ್ಲಿ ಅದನ್ನು ಓದುಗರೇ ಬಿಡಿಸಲಿ ಎಂದು ಬಿಟ್ಟಿದ್ದರಂತೆ, ಟೀಚರ್ ಬಿಡಿಸಿರಲಿಲ್ಲ. ಗಂಟೆ ಹೊಡೆಯಲು ಎರಡು ನಿಮಿಷವಿತ್ತು. ‘ಗೊತ್ತಿಲ್ಲ’ ಎನ್ನುವುದು ಇಪ್ಪತ್ತೆರಡು ವರ್ಷದಲ್ಲಿ ಅವರು ಬಳಸದ ಪದ. ಹೊಸ ಹೊಸ ತ್ರಿಭುಜ ಸೇರಿಸುತ್ತಲೇ ಇರುತ್ತೇವಲ್ಲ, ಹಾಗಾಗಿ ಜಾಗವೂ ಬೆಳೆಯುತ್ತಲೇ ಹೋಗುತ್ತದೆ, ಅದಕ್ಕೂ ಕೊನೆಯಿಲ್ಲ ಅಂದುಬಿಟ್ಟರು.

“ಆದ್ರೆ ಟೀಚರ್, ಅದು ಬೋರ್ಡಿನಲ್ಲಿ ಇದ್ದಲ್ಲೇ ಇದೆಯಲ್ಲ?”

“ಕೂತ್ಕೋ. ಸರಿ?”

ಅವಳು ಕೂತಳು. ಸರಿ ಎಂದು ಮಾತ್ರ ಹೇಳಲಿಲ್ಲ. ಗಂಟೆ ಹೊಡೆಯಿತು.

ಇನ್ನು ನನ್ನ ಪಾಲಿನ ಅಪರಾಧವನ್ನೂ ಹೇಳಿಬಿಡಬೇಕು. ಪ್ರದರ್ಶನದ ಫಲಕಕ್ಕೆ ಒಂದು ಸೊಗಸಾದ ಸಾಲು ಬೇಕೆಂದು ಹೆಡ್‌ಮಾಸ್ಟರ್ ನನ್ನ ಹತ್ತಿರ ಬಂದರು. ತರಗತಿಯಲ್ಲಿ ಕೇಳಿದ್ದನ್ನೇ ನಾನು ಪ್ರಾಸ ಕಟ್ಟಿ ಕೊಟ್ಟೆ: ‘ಅಂಚಿಗೂ ಕೊನೆಯಿಲ್ಲ, ಜಾಗಕ್ಕೂ ಕೊನೆಯಿಲ್ಲ.’ ಹೆಡ್‌ಮಾಸ್ಟರ್ ತಲೆದೂಗಿದರು. ಮರುದಿನವೇ ಫಲಕದ ಪೇಂಟರನ್ನು ಕರೆಸಿ, ಹಲಗೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ನೀಲಿ ಬಣ್ಣದಿಂದ ಬರೆಸಿಯೂ ಆಯಿತು. ನಾನು ಅದರ ಮುಂದೆ ದಿನಕ್ಕೆ ನಾಲ್ಕು ಸಲ ಸುಮ್ಮನೆ ಓಡಾಡುತ್ತಿದ್ದೆ.

ಆಕೃತಿಯನ್ನು ಬಟ್ಟೆಯಲ್ಲಿ ಮಾಡುವುದು ಟೀಚರರದೇ ಯೋಚನೆ. ಅತ್ತಿಗೆಗೆ ಅಳತೆ ಬರೆದುಕೊಟ್ಟರು. ಮೊದಲ ಕೆಂಪು ತ್ರಿಭುಜದ ಬದಿ ಎಂಬತ್ತೊಂದು ಸೆಂಟಿಮೀಟರ್. ಅದರ ಮೇಲೆ ಇಪ್ಪತ್ತೇಳರ ಮೂರು ಹಳದಿ ತ್ರಿಭುಜ. ಅದರ ಮೇಲೆ ಒಂಬತ್ತರ ಹನ್ನೆರಡು ಹಸಿರು. ಕೊನೆಗೆ ಮೂರು ಸೆಂಟಿಮೀಟರಿನ ನಲವತ್ತೆಂಟು ಬಿಳಿ. ಎಂಬತ್ತೊಂದನ್ನು ಮೂರರಿಂದ ಭಾಗಿಸುತ್ತಾ ಹೋದರೆ ಎಲ್ಲೂ ಚೂರು ಉಳಿಯುವುದಿಲ್ಲ ಎಂದು ಅದನ್ನು ಆರಿಸಿದ್ದು. ಪ್ರತಿ ಹಂತದ ಅಂಚಿನಷ್ಟೇ ಉದ್ದದ ಒಂದೊಂದು ತೆಳು ಲೇಸು ಬೇರೆಯಾಗಿ ಕತ್ತರಿಸಿ ಪಕ್ಕದಲ್ಲಿ ತೂಗುಹಾಕುವುದು ಅಂತಲೂ ಹೇಳಿದರು. ಹಿನ್ನೆಲೆಗೆ ಮಾತ್ರ ಸಾಕಷ್ಟು ದೊಡ್ಡ ಬಟ್ಟೆ ತೆಗೆದುಕೊಳ್ಳಿ, ಇದು ಹೋಗ್ತಾ ಹೋಗ್ತಾ ಹರಡುತ್ತೆ ಎಂದು ಎರಡು ಸಲ ಎಚ್ಚರಿಸಿದರು.

ಅತ್ತಿಗೆ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಯಾರಿಗೋ ಹೊಲಿದ ದುಂಡು ಮೇಜಿನ ಹೊದಿಕೆಯೊಂದು ಅಳತೆ ತಪ್ಪಿ ಉಳಿದುಕೊಂಡಿತ್ತು. ಕಡುನೀಲಿ ಬಣ್ಣ, ಅಡ್ಡಳತೆ ತೊಂಬತ್ತನಾಲ್ಕು ಸೆಂಟಿಮೀಟರ್. ಕೆಂಪು ತ್ರಿಭುಜವನ್ನು ಅದರ ನಡುವೆ ಇಟ್ಟು ನೋಡಿದರೆ ಮೂರು ಮೂಲೆಯೂ ಅಂಚಿನ ಹತ್ತಿರಕ್ಕೆ ಬಂದು ನಿಂತವು. ಇದೇ ಸಾಕು ಎಂದು ಕೆಲಸ ಶುರುಮಾಡಿಬಿಟ್ಟರು.

ಆ ಭಾನುವಾರ ಮಧ್ಯಾಹ್ನ, ಲೇಸು ಅಳೆಯಲು ಇನ್ನೊಂದು ಕೈ ಬೇಕೆಂದು ನನ್ನನ್ನೂ ಕರೆದಿದ್ದರು. ನಾನು ಹೋದಾಗ ಬಿಳಿ ತುಂಡುಗಳಲ್ಲಿ ಕೊನೆಯ ನಾಲ್ಕೈದು ಮಾತ್ರ ಉಳಿದಿದ್ದವು. ಟೀಚರ್ ಒಳಗಿನಿಂದ ಬಂದು ಮೇಜಿನ ಮೇಲೆ ನೋಡಿದರು. ಮುಖ ಗಂಟಿಕ್ಕಿತು.

“ಅತ್ತಿಗೆ, ದೊಡ್ಡ ಬಟ್ಟೆ ತಗೊಳ್ಳಿ ಅಂತ ಹೇಳಿದ್ನಲ್ಲ?”

“ಯಾಕೆ, ಇದಕ್ಕೇನಾಗಿದೆ?”

“ಮುಂದಿನ ಹಂತಕ್ಕೆ ಸಾಲಲ್ಲ. ಇದು ಹೊರಗೆ ಹೋಗ್ತಾ ಇರುತ್ತೆ.”

ಅತ್ತಿಗೆ ಸೂಜಿಯನ್ನು ನೂಲಿನ ಉಂಡೆಗೆ ಚುಚ್ಚಿಟ್ಟು, ಟೀಚರನ್ನು ಮೇಲಿಂದ ಕೆಳಗೆ ನೋಡಿದರು.

“ಎಲ್ಲಿಗೆ ಹೋಗುತ್ತೆ, ತೋರಿಸು ನೋಡೋಣ. ಹಳದಿ ಹಾಕಿದೆ, ಅದರ ಮೊನೆನೂ ಇದೇ ದುಂಡಿಗೆ ಬಂತು. ಹಸಿರು ಹಾಕಿದೆ, ಎಲ್ಲಾ ಒಳಗೇ ಕೂತ್ಕೊಂಡ್ತು. ಬಿಳಿ ಹಾಕ್ತಿದ್ದೀನಿ, ಅದೂ ಸಂದಿಲೇ ತೂರ್ಕೊತಿದೆ. ಅಂಚು ಮಾತ್ರ ಲೇಸಿನ ಸುರುಳಿ ಮೇಲೆ ಸುರುಳಿ ನುಂಗ್ತಾ ಇದೆ. ಬಟ್ಟೆ ಅಷ್ಟೇನೂ ಕೇಳ್ತಾ ಇಲ್ಲ ಕಣೆ.”

ಟೀಚರ್ ಟೇಪು ತೆಗೆದುಕೊಂಡು ನಡುಬಿಂದುವಿನಿಂದ ಆರೂ ಮೊನೆಗಳಿಗೆ ಅಳೆದರು: ಎಲ್ಲವೂ ನಲವತ್ತಾರೂ ಮುಕ್ಕಾಲು. ಹಸಿರಿನ ಮೊನೆಗಳನ್ನು ಅಳೆದರು, ಕಡಿಮೆ. ಬಿಳಿಯದನ್ನು ಅಳೆದರು, ಅದೂ ದಾಟಲಿಲ್ಲ. ಆಮೇಲೆ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಆ ಆಕೃತಿ ಇಡಿಯಾಗಿ ಒಂದು ದುಂಡಿನೊಳಗೆ ಸಿಕ್ಕಿಕೊಂಡಿರುವಾಗ ಅದರ ಜಾಗಕ್ಕೆ ಕೊನೆಯಿಲ್ಲದಿರುವುದು ಹೇಗೆ ಸಾಧ್ಯ? ದುಂಡಿನ ಜಾಗಕ್ಕೇ ಒಂದು ಮಿತಿಯಿದೆಯಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಅಂದು ನಿಂತುಕೊಂಡು ಹೇಳಿದ್ದೂ ಅದನ್ನೇ.

ನಾನು ಮೊದಲು ಯೋಚಿಸಿದ್ದು ನನ್ನ ಪ್ರಾಸದ ಬಗ್ಗೆ. ನಾಚಿಕೆಯಾದರೂ ನಿಜ.

ಟೀಚರ್ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಹಿಡಿದು ಮೇಜಿನ ಹಲಗೆಯ ಮೇಲೇ ಲೆಕ್ಕ ಹಾಕತೊಡಗಿದರು. ಅತ್ತಿಗೆ ಬೈಯಲಿಲ್ಲ. ಪ್ರತಿ ಹಂತದಲ್ಲೂ ಹೊಸ ತ್ರಿಭುಜಗಳ ಎಣಿಕೆ ನಾಲ್ಕು ಪಟ್ಟಾಗುತ್ತದೆ, ಆದರೆ ಒಂದೊಂದೂ ಹಿಂದಿನದರ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಪ್ರತಿ ಸಲ ಸೇರುವ ಬಟ್ಟೆ ಹಿಂದಿನ ಸಲ ಸೇರಿದ್ದರ ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ, ಅರ್ಧಕ್ಕಿಂತಲೂ ಕಡಿಮೆ. ಕೊನೆಗೆ ಬಂದ ಉತ್ತರ ನನ್ನಂಥವನಿಗೂ ಅರ್ಥವಾಗುವ ಹಾಗಿತ್ತು: ಕೆಂಪು ತ್ರಿಭುಜವನ್ನು ಐದು ಪಾಲು ಎಂದುಕೊಂಡರೆ, ಎಷ್ಟೇ ಹಂತ ಸೇರಿಸಿದರೂ ಇಡೀ ಆಕೃತಿ ಎಂಟು ಪಾಲಿನ ಹತ್ತಿರ ಹತ್ತಿರ ಹೋಗುತ್ತದೆಯೇ ಹೊರತು ಎಂಟನ್ನು ದಾಟುವುದಿಲ್ಲ.

ಪ್ರದರ್ಶನಕ್ಕೆ ಇನ್ನು ಐದೇ ದಿನ. ಫಲಕ ಬರೆದಾಗಿದೆ, ಹೆಡ್‌ಮಾಸ್ಟರ್ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ತರಗತಿಯಲ್ಲಿ ತಾನು ಆ ಮಾತು ಹೇಳಿಯೇ ಇಲ್ಲ ಎಂಬಂತೆ ಫಲಕವನ್ನು ಮಾತ್ರ ಸದ್ದಿಲ್ಲದೆ ಬದಲಾಯಿಸಿದರೆ ಯಾರಿಗೆ ನೆನಪಿರುತ್ತದೆ ಎಂದು ಟೀಚರ್ ನನ್ನನ್ನು ಕೇಳಿದರು. ಕೇಳುವಾಗ ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಅತ್ತಿಗೆ ಬಿಳಿಯ ತುಂಡೊಂದನ್ನು ಎತ್ತಿ ಹಿಡಿದರು. ಅದನ್ನು ತುಸು ಓರೆಯಾಗಿ ಹೊಲಿದಿದ್ದರಂತೆ, ಬ್ಲೇಡಿನಿಂದ ಬಿಚ್ಚುತ್ತಿದ್ದರು.

“ನಾನು ದಿನಾ ಬಿಚ್ತೀನಿ ಕಣೆ. ಬಿಚ್ಚಿದ್ರೆ ಬಟ್ಟೆ ಏನೂ ನಗಲ್ಲ. ನೀನೂ ಒಂದ್ಸಲ ಬಿಚ್ಚು.”

ಟೀಚರ್ ನಕ್ಕರು. ಬಾಯಿ ಮುಚ್ಚಿಕೊಳ್ಳದೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಸೋಮವಾರ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ನಾನು ಮತ್ತೆ ಹಾಜರು. ಟೀಚರ್ ಬೋರ್ಡಿನ ಮೇಲೆ ‘ಜಾಗಕ್ಕೂ ಕೊನೆಯಿಲ್ಲ’ ಎಂದು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದರು.

“ಹೋದ ವಾರ ನಾನು ಹೇಳಿದ್ದು ತಪ್ಪು. ನನಗೆ ಗೊತ್ತಿರಲಿಲ್ಲ, ಗೊತ್ತಿರೋ ಹಾಗೆ ಹೇಳಿದೆ. ನೀನು ಕೇಳಿದ್ದೇ ಸರಿಯಾದ ಪ್ರಶ್ನೆ, ಮಗು. ಕೂತ್ಕೋ ಅಂದಿದ್ದೂ ತಪ್ಪೇ.”

ಮಕ್ಕಳು ನಗುತ್ತಾರೆಂದು ಅವರು ಕಾಯುತ್ತಿದ್ದರೆಂದು ಕಾಣುತ್ತದೆ. ಯಾರೂ ನಗಲಿಲ್ಲ. ‘ಯಾಕೆ’ ಮಾತ್ರ ನಿಧಾನವಾಗಿ ಎದ್ದು, “ಹಾಗಾದ್ರೆ ಎಷ್ಟು ಟೀಚರ್?” ಅಂದಳು. ಉತ್ತರ ಹೇಳಿಬಿಡದೆ ಟೀಚರ್ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟರು. ಐದು ಎಂಟಾಗುವ ಆ ಲೆಕ್ಕವನ್ನು ಮಕ್ಕಳು ಮೂರು ದಿನ ಹಿಡಿದುಕೊಂಡು ಎಳೆದಾಡಿದರು. ಗೋಡೆಯ ಆಚೆಯಿಂದ ನನಗೆ ‘ಸರಿ’ಯ ಬದಲು ಗದ್ದಲ ಕೇಳಿಸಿತು. ಗುರುವಾರ ಮಧ್ಯಾಹ್ನ ಒಂದು ಹೋ ಎಂಬ ಕೂಗು ಬಂತು. ಬಂದಿರಬೇಕು ಎಂಟು ಅಂದುಕೊಂಡೆ. ಬಂದಿತ್ತು.

ಹೆಡ್‌ಮಾಸ್ಟರ್ ಮೊದಲು ಕುಸಿದೇ ಹೋದರು. ಹೊಸ ಹಲಗೆ ಬರೆಸೋಣ ಎಂದರು. ಟೀಚರ್ ಬೇಡವೆಂದರು. ಅದೇ ಹಲಗೆಯಲ್ಲಿ ನನ್ನ ಎರಡನೆಯ ಅರ್ಧಕ್ಕೆ ಕೆಂಪು ಬಣ್ಣದಲ್ಲಿ ಒಂದು ಅಡ್ಡಗೆರೆ, ಕೆಳಗೆ ‘ಜಾಗಕ್ಕೆ ಮಿತಿಯಿದೆ’ ಎಂದು ಹೊಸ ಸಾಲು. ಪ್ರಾಸ ಹೋಯಿತು. ಹೋಗಲಿ ಬಿಡಿ ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು.

ಪ್ರದರ್ಶನ ನಡೆದದ್ದು ಊರಾಚೆಯ ದೊಡ್ಡ ಶಾಲೆಯ ಸಭಾಂಗಣದಲ್ಲಿ. ಬಟ್ಟೆಯನ್ನು ಮಕ್ಕಳ ಕೈಗೆ ಕೊಡಲು ಮನಸ್ಸಿಲ್ಲದೆ ಅತ್ತಿಗೆಯೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕಡುನೀಲಿಯ ಮೇಲೆ ಕೆಂಪು, ಹಳದಿ, ಹಸಿರು, ಬಿಳಿ. ಪಕ್ಕದಲ್ಲಿ ನಾಲ್ಕು ಲೇಸು: ಇನ್ನೂರ ನಲವತ್ತಮೂರು ಸೆಂಟಿಮೀಟರಿನದು, ಮುನ್ನೂರ ಇಪ್ಪತ್ತನಾಲ್ಕರದು, ನಾನೂರ ಮೂವತ್ತೆರಡರದು, ಐನೂರ ಎಪ್ಪತ್ತಾರರದು. ಎತ್ತರ ಸಾಲದೆ ನಾಲ್ಕೂ ಲೇಸುಗಳ ತುದಿ ನೆಲದ ಮೇಲೆ ಹರಿದಿತ್ತು. ಕೊನೆಯದು ಪಕ್ಕದ ಶಾಲೆಯವರ ಮೇಜಿನ ಕೆಳಗೂ ನುಗ್ಗಿ, ಅವರು ಬಂದು ದೂರು ಹೇಳಿದರು. ಇನ್ನೂ ಹೀಗೇ ಮಾಡಿದರೆ ಇಪ್ಪತ್ತೊಂದನೆಯ ಹಂತಕ್ಕೆ ಅಂಚು ಒಂದು ಕಿಲೋಮೀಟರ್ ದಾಟುತ್ತದೆ, ಆದರೆ ಆಕೃತಿ ಆಗಲೂ ಈ ದುಂಡಿನೊಳಗೇ ಇರುತ್ತದೆ ಎಂದು ‘ಯಾಕೆ’ ಅವರಿಗೆ ವಿವರಿಸಿದಳು. ಅವರು ದೂರು ಮರೆತು ಅಲ್ಲೇ ನಿಂತರು.

ತೀರ್ಪುಗಾರರು ನಿವೃತ್ತ ಕಾಲೇಜು ಉಪನ್ಯಾಸಕರು. ಎಲ್ಲಕ್ಕಿಂತ ಮೊದಲು ಅವರ ಬೆರಳು ಹೋದದ್ದು ಹಲಗೆಯ ಅಡ್ಡಗೆರೆಯ ಮೇಲೆ. ಇದೇಕೆ ಹೀಗೆ, ಬರೆಯುವಾಗ ತಪ್ಪಾಯಿತೇ ಎಂದು ಕೇಳಿದರು. ಬರೆಯುವಾಗಲ್ಲ, ಪಾಠ ಮಾಡುವಾಗ, ತಪ್ಪು ನನ್ನದು ಎಂದರು ಟೀಚರ್. ಆಮೇಲೆ ಹುಡುಗಿಯ ಪ್ರಶ್ನೆಯಿಂದ ಅತ್ತಿಗೆಯ ಮೇಜಿನವರೆಗೆ ನಡೆದದ್ದೆಲ್ಲವನ್ನೂ ಹೇಳಿದರು. ಸುತ್ತ ಜನ ಸೇರಿದರು. ಅವರಲ್ಲಿ ಅರ್ಧ ಜನ ಬೇರೆ ಶಾಲೆಗಳ ಗಣಿತದ ಮೇಷ್ಟರುಗಳು. ಒಬ್ಬರು ನನ್ನ ಕಿವಿಯಲ್ಲಿ, ನಾನೂ ಜಾಗ ಕೊನೆಯಿಲ್ಲದೆ ಬೆಳೆಯುತ್ತದೆ ಎಂದೇ ಹೇಳುತ್ತಿದ್ದೆ ಅಂದರು. ನಾನು ಅವರ ಹೆಸರು ಹೇಳುವುದಿಲ್ಲ.

ತೀರ್ಪುಗಾರರು ಅತ್ತಿಗೆಯ ಕಡೆ ತಿರುಗಿದರು. ಇಷ್ಟು ಬಟ್ಟೆಗೆ ಕೊನೆಯಿಲ್ಲದ ಅಂಚು ಅನ್ನುತ್ತೀರಲ್ಲ, ನಿಜವಾಗಿ ಹೊಲಿಯಲು ಆಗುತ್ತದೆಯೇ ಎಂಬುದು ಅವರ ಪ್ರಶ್ನೆ.

“ಆಗಲ್ಲ ಸರ್. ಮುಂದಿನದು ಒಂದು ಸೆಂಟಿಮೀಟರ್, ನೂರ ತೊಂಬತ್ತೆರಡು ತುಂಡು. ಅಲ್ಲಿಗೆ ನನ್ನ ಸೂಜಿ ನಿಂತ್ಕೊಳ್ಳುತ್ತೆ. ಅದರ ಮುಂದಿಂದು ಇವಳ ಕಾಗದದಲ್ಲಿ ಮಾತ್ರ. ಅಲ್ಲಿ ಸೂಜಿಗೆ ದಪ್ಪ ಇಲ್ವಲ್ಲ.”

ಉಪನ್ಯಾಸಕರು ಕನ್ನಡಕ ತೆಗೆದು ಒರೆಸಿಕೊಂಡರು. ತಾನು ಮೂವತ್ತು ವರ್ಷ ಹೇಳಲು ಒದ್ದಾಡಿದ್ದನ್ನು ಇವರು ಒಂದು ಸೂಜಿಯಲ್ಲಿ ಹೇಳಿದರು ಎಂದು ಪಕ್ಕದವರಿಗೆ ಹೇಳುತ್ತಾ ಮುಂದೆ ಹೋದರು.

ನಮಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ದೀಪ ಹತ್ತಿ ಆರುವ ಯಂತ್ರವೊಂದಕ್ಕೆ ಹೋಯಿತು. ಹೆಡ್‌ಮಾಸ್ಟರಿಗೆ ಎರಡನೆಯದೇ ಸಾಕಷ್ಟಾಗಿ, ಬಸ್ಸಿನಲ್ಲಿ ಫಲಕವನ್ನು ಯಾರಿಗೂ ಮುಟ್ಟಗೊಡದೆ ತಾವೇ ಹಿಡಿದುಕೊಂಡು ನಿಂತಿದ್ದರು.

ಅರ್ಧ ದಾರಿಯಲ್ಲಿ ‘ಯಾಕೆ’ ಹಿಂದಿನ ಸೀಟಿನಿಂದ ತಲೆ ಚಾಚಿದಳು. ಮೊನೆಗಳನ್ನು ಹೊರಗೆ ಎಬ್ಬಿಸುವ ಬದಲು ಒಳಗೆ ಕೊರೆಯುತ್ತಾ ಹೋದರೆ ಏನಾಗುತ್ತದೆ ಎಂಬುದು ಅವಳ ಹೊಸ ಪ್ರಶ್ನೆ. ಟೀಚರ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಗೊತ್ತಿಲ್ಲ ಕಣಮ್ಮ. ನೋಡೋಣ.”

ಬಸ್ ಟಿಕೆಟಿನ ಹಿಂದೆ ಲೆಕ್ಕ ಶುರುವಾಯಿತು. ಮಕ್ಕಳು ಸೀಟಿನ ಮೇಲೆ ಮಂಡಿಯೂರಿ ಬಗ್ಗಿದರು. ಕಂಡಕ್ಟರ್ ಕೂಡ ಬಂದು ಇಣುಕಿ, ಏನು ನಡೀತಿದೆ ಇಲ್ಲಿ ಎಂದು ಕೇಳಿದ. ಅಂಚು ಹಿಂದಿನ ಹಾಗೆಯೇ ಬೆಳೆಯುತ್ತದೆ, ಕೊನೆಯಿಲ್ಲದೆ. ಆದರೆ ಹಿಂದೆ ಸೇರುತ್ತಿದ್ದಷ್ಟೇ ಜಾಗ ಈಗ ಕಳೆಯುತ್ತಾ ಹೋಗುತ್ತದೆ. ಐದು ಪಾಲಿನಲ್ಲಿ ಮೂರು ಪಾಲಿನವರೆಗೆ ಸವೆಯಬಹುದು, ಕೊನೆಗೂ ಎರಡು ಪಾಲು ಉಳಿದೇ ಉಳಿಯುತ್ತದೆ. ಉತ್ತರ ಸಿಕ್ಕಿದ್ದು ನಮ್ಮ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದ ಮೇಲೆ. ಇಳಿದು ಎಲ್ಲರೂ ನಡೆದುಕೊಂಡು ವಾಪಸು ಬಂದೆವು. ಇದನ್ನು ಹೊಲಿಯಲು ಮಾತ್ರ ಹೇಳಬೇಡ, ಹೊಲಿದ ಬಟ್ಟೆಗೆ ತೂತು ಕೊರೆಯುವವಳಲ್ಲ ನಾನು ಎಂದು ಅತ್ತಿಗೆ ದಾರಿಯುದ್ದಕ್ಕೂ ಹೇಳುತ್ತಿದ್ದರು.

ಆಮೇಲೆ ಟೀಚರ್ ಒಂಬತ್ತು ವರ್ಷ ಪಾಠ ಮಾಡಿದರು. ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ ಹಾಕಿ ‘ಇನ್ನೂ ಗೊತ್ತಿಲ್ಲ’ ಎಂದು ಬರೆದಿರುತ್ತಿದ್ದರು. ಮಕ್ಕಳು ಕೇಳಿದ, ತನಗೆ ತಕ್ಷಣ ಉತ್ತರ ಬಾರದ ಪ್ರಶ್ನೆಗಳೆಲ್ಲ ಅದರೊಳಗೆ. ಕೆಲವು ಅದೇ ವಾರ ಅಳಿಸಿಹೋದವು, ಒಂದೆರಡು ಇಡೀ ವರ್ಷ ಉಳಿದವು. ಬೆಳಿಗ್ಗೆ ಐದಕ್ಕೆ ಏಳುವುದನ್ನು ನಿಲ್ಲಿಸಿದರು. ಆರೂವರೆಗೆ ಎದ್ದು ಅತ್ತಿಗೆಯ ಜೊತೆ ಅಂಗಳದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಿವೃತ್ತಿಯ ದಿನ ಅವರ ಜಾಗಕ್ಕೆ ಬಂದ ಹೊಸ ಶಿಕ್ಷಕ, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಆ ಚೌಕದಲ್ಲಿ ಇನ್ನೂ ಮೂರು ಪ್ರಶ್ನೆ ಉಳಿದಿವೆಯಲ್ಲ, ಏನು ಮಾಡಲಿ ಎಂದು ಅಂಜುತ್ತಾ ಕೇಳಿದ. ಒರೆಸಬೇಡ, ಮಕ್ಕಳ ಜೊತೆ ಕೂತು ನೋಡು ಎಂದು ಹೇಳಿ, ಅವರು ಚೀಲ ಹೆಗಲಿಗೇರಿಸಿಕೊಂಡು ಹೊರಟರು.